ಐನ್‌ಸ್ಟೈನ್ ಬಾಲ್ಯ: ತಂಗಿಯ ಮಾತು, ತಾಯಿಯ ಪತ್ರ

"ಡೊಂಬಿವಲಿಯಲ್ಲಿದ್ದೇವೆ. ಮಗಳ ಪ್ರಾಜೆಕ್ಟ್‌ಗೆ ಐನ್‌ಸ್ಟೈನ್ ಮನೆಯವರ ವಿವರ ಬೇಕು. ಶಾಲೆಯಲ್ಲಿ ಅವರು ದಡ್ಡರಾಗಿದ್ದರಂತೆ, ನಿಜವಾ?"

ನಿಜ ಅಲ್ಲ. ಅವರ ತಾಯಿ ಪೌಲೀನ್ 1886ರ ಆಗಸ್ಟ್‌ನಲ್ಲಿ ತವರಿನವರಿಗೆ ಬರೆದ ಪತ್ರ ಉಳಿದಿದೆ. ಆಲ್ಬರ್ಟ್ ಈ ಸಲವೂ ತರಗತಿಗೇ ಮೊದಲು ಬಂದ ಅಂತ ಅದರಲ್ಲಿದೆ. ಆಗ ಹುಡುಗನಿಗೆ ಏಳು ವರ್ಷ. ಮುಂದೆ ದೊಡ್ಡ ಹೆಸರು ಮಾಡುತ್ತಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಆ ಪತ್ರವನ್ನು ನಾನು ಜಾಸ್ತಿ ನಂಬುತ್ತೇನೆ.

ತಂಗಿ ಮಾಯಾ 1924ರಲ್ಲಿ ಅಣ್ಣನ ಬಾಲ್ಯದ ಬಗ್ಗೆ ಬರೆದಿದ್ದಾರೆ. ಅದನ್ನು ಓದುವಾಗ ಅವರು ಹುಟ್ಟಿದ್ದು 1881ರ ನವೆಂಬರ್‌ನಲ್ಲಿ ಅನ್ನೋದು ನೆನಪಿರಲಿ. ಹೊಸ ಪಾಪುವನ್ನು ನೋಡಿ, ಆಟಿಕೆ ಅಂದುಕೊಂಡು ಆಲ್ಬರ್ಟ್ "ಇದರ ಚಕ್ರ ಎಲ್ಲಿ?" ಅಂತ ಕೇಳಿದನಂತೆ. ಆ ಪಾಪು ಮಾಯಾನೇ ಅಲ್ವಾ! ಅಂದರೆ ಅದು ಮನೆಯಲ್ಲಿ ಕೇಳಿದ ಕಥೆ. ಆದರೆ 1894ರಲ್ಲಿ ತಂದೆ ಹರ್ಮನ್ ಮತ್ತು ಚಿಕ್ಕಪ್ಪ ಯಾಕೋಬ್ ವಿದ್ಯುತ್ ಸಲಕರಣೆಗಳ ವ್ಯಾಪಾರ ಸೋತು, ಮ್ಯೂನಿಕ್ ಬಿಟ್ಟು ಇಟಲಿಗೆ ಹೋದಾಗ ಮಾಯಾಗೆ ಹನ್ನೆರಡು ವರ್ಷ. ಅಣ್ಣನನ್ನು ಶಾಲೆಗೆಂದು ಮ್ಯೂನಿಕ್‌ನಲ್ಲೇ ಬಿಟ್ಟುಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಮಗಳ ಜೊತೆ ಕೂತು einsteinpapers.press.princeton.edu ತೆರೆಯಿರಿ, ಉಚಿತ. ಅಲ್ಲಿರುವ ಐನ್‌ಸ್ಟೈನ್ ಬರಹ, ಪತ್ರಗಳ ಮೊದಲ ಸಂಪುಟದ ಇಂಗ್ಲಿಷ್ ಅನುವಾದ ನೋಡಿ. ಪ್ರತಿ ಘಟನೆಯ ಪಕ್ಕ ಹೇಳಿದವರ ಆಗಿನ ವಯಸ್ಸು ಬರೆಸಿ. ನಾನು ಮಾಟುಂಗದಲ್ಲಿದ್ದೇನೆ, ಭಾನುವಾರ ಬಂದರೆ ಒಟ್ಟಿಗೆ ಓದೋಣ.