ಮುಳ್ಳು ನಾಲ್ಕರ ಹತ್ತಿರ, ಗಂಟೆ ಮಾತ್ರ ಮೂರು

ಪ್ರಶ್ನೆ: ಮಗಳು ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮೊಬೈಲ್‌ನಲ್ಲಿ 3:45 ಅಂತ ಇದ್ದರೆ ಸರಿಯಾಗಿ ಓದುತ್ತಾಳೆ. ಗೋಡೆ ಗಡಿಯಾರ ತೋರಿಸಿದರೆ ಅದೇ ಹೊತ್ತಿಗೆ 4:45 ಅನ್ನುತ್ತಾಳೆ. ಮೂರೂಕಾಲು, ಮೂರೂವರೆ ಹೇಗೋ ಹೇಳುತ್ತಾಳೆ. ಸ್ಕೂಲಲ್ಲಿ ‘ಕ್ವಾರ್ಟರ್ ಟು ಫೋರ್’ ಅಂತ ಕಲಿಸಿದ್ದಾರೆ, ಮನೆಯಲ್ಲಿ ಅಜ್ಜಿ ‘ಮೂರೂಮುಕ್ಕಾಲು’ ಅಂತಾರೆ. ಎರಡೂ ಒಂದೇ ಅಂದರೆ ಒಪ್ಪೋದೇ ಇಲ್ಲ, ಅಳು ಶುರು. ಎಲ್ಲಿಂದ ಹೇಳಿಕೊಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಚಿಕ್ಕ ಮುಳ್ಳಿನಿಂದ ಶುರು ಮಾಡಿ. ದೊಡ್ಡ ಮುಳ್ಳನ್ನು ಒಂದು ವಾರ ಮರೆತುಬಿಡಿ.

ಸಾಮಾನ್ಯವಾಗಿ ನಾವೆಲ್ಲ ಇದನ್ನು ಉಲ್ಟಾ ಮಾಡುತ್ತೇವೆ. ದೊಡ್ಡ ಮುಳ್ಳು ಮೂರರಲ್ಲಿದ್ದರೆ ಕಾಲು, ಆರರಲ್ಲಿದ್ದರೆ ಅರ್ಧ, ಒಂಬತ್ತರಲ್ಲಿದ್ದರೆ ಮುಕ್ಕಾಲು ಅಂತ ಬಾಯಿಪಾಠ ಮಾಡಿಸುತ್ತೇವೆ. ಮಕ್ಕಳು ಅದನ್ನು ಎರಡೇ ದಿನಕ್ಕೆ ಕಲಿತುಬಿಡುತ್ತಾರೆ. ನಿಮ್ಮ ಮಗಳೂ ಕಲಿತಿದ್ದಾಳೆ ನೋಡಿ, 45 ಅನ್ನುವುದರಲ್ಲಿ ಅವಳು ತಪ್ಪಿಲ್ಲ. ತಪ್ಪಿರುವುದು ಗಂಟೆಯಲ್ಲಿ.

ಮೂರೂಮುಕ್ಕಾಲಿಗೆ ಚಿಕ್ಕ ಮುಳ್ಳು ಎಲ್ಲಿರುತ್ತದೆ? ಮೂರು ಬಿಟ್ಟು ಬಂದು, ನಾಲ್ಕಕ್ಕೆ ಮುಕ್ಕಾಲು ಪಾಲು ದಾರಿ ಮುಗಿಸಿರುತ್ತದೆ. ನೋಡುವವರಿಗೆ ನಾಲ್ಕಕ್ಕೆ ಅಂಟಿಕೊಂಡ ಹಾಗೇ ಕಾಣುತ್ತದೆ. ಹತ್ತಿರ ಯಾವ ಅಂಕಿ ಇದೆಯೋ ಅದೇ ಗಂಟೆ ಅಂತ ಅವಳು ತಿಳಿದಿದ್ದಾಳೆ. ಈ ಲೆಕ್ಕದಲ್ಲಿ ಮೂರೂಕಾಲು ತಪ್ಪುವುದೇ ಇಲ್ಲ, ಯಾಕೆಂದರೆ ಆಗ ಹತ್ತಿರ ಇರುವುದು ಮೂರೇ. ಮೂರೂವರೆಗೆ ಮುಳ್ಳು ನಟ್ಟನಡುವೆ ಇರುತ್ತದೆ, ಒಮ್ಮೆ ಸರಿ ಹೇಳುತ್ತಾಳೆ, ಒಮ್ಮೆ ತಪ್ಪುತ್ತಾಳೆ. ನೀವು ‘ಹೇಗೋ ಹೇಳುತ್ತಾಳೆ’ ಅಂದಿರಲ್ಲ, ಆ ‘ಹೇಗೋ’ ಇದೇ.

ಇದನ್ನು ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಗಡಿಯಾರವನ್ನು 3:45ಕ್ಕೆ ಇಟ್ಟು ಕೇಳಿ. 4:45 ಅಂದರೆ ನಾನು ಹೇಳಿದ ಕಾರಣವೇ. ‘ಮೂರು ಗಂಟೆ ಒಂಬತ್ತು ನಿಮಿಷ’ ಅಂದರೆ ದೊಡ್ಡ ಮುಳ್ಳಿಗೂ ಅಂಕಿಯನ್ನೇ ಓದುತ್ತಿದ್ದಾಳೆ, ಐದರ ಮಗ್ಗಿ ಇನ್ನೂ ಗಡಿಯಾರಕ್ಕೆ ಇಳಿದಿಲ್ಲ. ‘ಒಂಬತ್ತು ಗಂಟೆ ಇಪ್ಪತ್ತು ನಿಮಿಷ’ ಅಂದರೆ ಎರಡು ಮುಳ್ಳು ಅದಲುಬದಲಾಗಿವೆ. ಮೂರೂ ಬೇರೆ ಬೇರೆ ತಪ್ಪು. ಮೂರಕ್ಕೂ ಸುಮ್ನೆ ‘ಸರಿಯಾಗಿ ನೋಡು’ ಅಂತ ಗದರಿದರೆ ಒಂದೂ ಸರಿಹೋಗುವುದಿಲ್ಲ.

ಈಗ ಒಂದು ಪೇಪರ್ ತಟ್ಟೆ ತೆಗೆದುಕೊಳ್ಳಿ, ಹುಟ್ಟುಹಬ್ಬಕ್ಕೆ ತಂದು ಉಳಿದದ್ದು ಇದ್ದೇ ಇರುತ್ತದೆ. ಅದರ ಮೇಲೆ 1ರಿಂದ 12 ಬರೆಯಿರಿ. ಮೊದಲು 12, 6, 3, 9 ಬರೆದು ಆಮೇಲೆ ಉಳಿದದ್ದು ತುಂಬಿದರೆ ಅಂತರ ಸಮನಾಗಿ ಬರುತ್ತದೆ. ನಡುವೆ ರಟ್ಟಿನ ಒಂದೇ ಒಂದು ಚಿಕ್ಕ ಮುಳ್ಳು ಚುಚ್ಚಿ. ದೊಡ್ಡದು ಬೇಡ. ಇದು ಮಕ್ಕಳಾಟ ಅಂದುಕೊಳ್ಳಬೇಡಿ. ಯುರೋಪಿನ ಹಳೇ ಗೋಪುರ ಗಡಿಯಾರಗಳಿಗೂ ಮೊದಲು ಇದ್ದದ್ದು ಗಂಟೆ ಮುಳ್ಳು ಒಂದೇ. ಜನ ಅದರಲ್ಲೇ ಹೊತ್ತು ನೋಡಿಕೊಳ್ಳುತ್ತಿದ್ದರು.

ಮುಳ್ಳನ್ನು ಮೂರು ಮತ್ತು ನಾಲ್ಕರ ನಡುವೆ ಎಲ್ಲಾದರೂ ಇಟ್ಟು, ‘ಗಂಟೆ ಎಷ್ಟು?’ ಅನ್ನುವ ಬದಲು ‘ಯಾವುದು ದಾಟಿದೆ? ಯಾವುದು ಇನ್ನೂ ಬಂದಿಲ್ಲ?’ ಅಂತ ಕೇಳಿ. ‘ಮೂರು ದಾಟಿದೆ, ನಾಲ್ಕು ಬಂದಿಲ್ಲ’ ಅನ್ನಬೇಕು. ದಾಟಿದ ಅಂಕಿಯೇ ಗಂಟೆ. ಆಮೇಲೆ ಎಷ್ಟು ದಾಟಿದೆ ಅಂತ ಕೇಳಿ. ಸ್ವಲ್ಪ, ಅರ್ಧ, ಜಾಸ್ತಿ – ಇಷ್ಟು ಸಾಕು, ನಿಮಿಷ ಈಗ ಬೇಡ.

ಮುಳ್ಳು ನಾಲ್ಕರ ಪಕ್ಕದಲ್ಲೇ ಇರುವಾಗ ಅವಳು ತಕರಾರು ಮಾಡುತ್ತಾಳೆ. ಆಗ ವಯಸ್ಸಿನ ಮಾತು ತನ್ನಿ. ‘ನಿಂಗೆ ಎಷ್ಟು ವರ್ಷ?’ ಅಂತ ಕೇಳಿ. ಏಳು ಅನ್ನುತ್ತಾಳೆ. ನಾವು ಹೇಗೆ ಹೇಳುತ್ತೇವೆ? ‘ಏಳು ತುಂಬಿ ಎಂಟರಲ್ಲಿ ನಡೀತಿದೆ.’ ಹುಟ್ಟುಹಬ್ಬ ನಾಳೆ ಇದ್ದರೂ ಇವತ್ತು ಏಳೇ. ಮುಳ್ಳಿನದೂ ಹಾಗೇ, ‘ಮೂರು ತುಂಬಿ ನಾಲ್ಕರಲ್ಲಿ ನಡೀತಿದೆ’. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದನ್ನು ಕೇಳಿ, ‘ಹಾಗಾದ್ರೆ ಗಂಟೆಗೂ ಹುಟ್ಟುಹಬ್ಬ ಇದೆಯಾ ಮಿಸ್?’ ಅಂದಿದ್ದ. ಅವತ್ತಿನಿಂದ ಅವನು ಮುಕ್ಕಾಲು ತಪ್ಪಲಿಲ್ಲ.

ನಾಲ್ಕೈದು ದಿನ, ದಿನಕ್ಕೆ ಹತ್ತು ನಿಮಿಷ ಇಷ್ಟೇ ಮಾಡಿ. ಮೂರು ನಾಲ್ಕಕ್ಕೇ ಅಂಟಿಕೊಳ್ಳದೆ, ಏಳು ಎಂಟು, ಹತ್ತು ಹನ್ನೊಂದು ಹೀಗೆ ಬೇರೆ ಬೇರೆ ಜಾಗದಲ್ಲಿ ಇಟ್ಟು ಕೇಳಿ.

ಆಮೇಲೆ ನಿಜವಾದ ಗಡಿಯಾರಕ್ಕೆ ಬನ್ನಿ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅಂಗಡಿಯಲ್ಲಿ ಸಿಗುವ ರಟ್ಟಿನ, ಪ್ಲಾಸ್ಟಿಕ್ಕಿನ ಆಟದ ಗಡಿಯಾರಗಳಲ್ಲಿ ಜಾಸ್ತಿಯವಕ್ಕೆ ಎರಡು ಮುಳ್ಳಿಗೂ ಸಂಬಂಧವೇ ಇರುವುದಿಲ್ಲ. ಮಗು ಚಿಕ್ಕ ಮುಳ್ಳನ್ನು ಸರಿಯಾಗಿ ಮೂರರ ಮೇಲಿಟ್ಟು, ದೊಡ್ಡದನ್ನು ಆರಕ್ಕೆ ತಿರುಗಿಸಿ ‘ಮೂರೂವರೆ’ ಅನ್ನುತ್ತದೆ. ನಾವೂ ಭೇಷ್ ಅಂದುಬಿಡುತ್ತೇವೆ. ಅಂಥ ಮೂರೂವರೆ ಯಾವ ಗಡಿಯಾರದಲ್ಲೂ ಬರುವುದಿಲ್ಲ. ಅದರಲ್ಲಿ ಕಲಿತ ಮಗುವಿಗೆ ನಿಜವಾದ ಗಡಿಯಾರದಲ್ಲಿ ಮುಳ್ಳು ಎರಡು ಅಂಕಿಗಳ ನಡುವೆ ನಿಂತಿದ್ದು ಕಂಡರೆ ಗಲಿಬಿಲಿ ಆಗದೆ ಇನ್ನೇನಾಗುತ್ತದೆ?

ಆದ್ದರಿಂದ ಗೋಡೆ ಗಡಿಯಾರವನ್ನೇ ಕೆಳಗಿಳಿಸಿ. ಹನ್ನೆರಡು ಅಂಕಿಯೂ ದಪ್ಪಗೆ ಬರೆದಿರುವುದು ಇರಲಿ, ಬರೀ ಗೆರೆ ಇರುವ ಚಂದದ ಗಡಿಯಾರ ಈಗ ಬೇಡ. ಸೆಲ್ ತೆಗೆದುಬಿಡಿ, ಸೆಕೆಂಡ್ ಮುಳ್ಳು ಓಡುತ್ತಿದ್ದರೆ ಮಕ್ಕಳ ಕಣ್ಣು ಅದರ ಹಿಂದೆಯೇ ಹೋಗುತ್ತದೆ. ಹಿಂದೆ ಸಣ್ಣ ತಿರುಪು ಇರುತ್ತದಲ್ಲ, ಅದನ್ನು ತಿರುಗಿಸಿದರೆ ಎರಡು ಮುಳ್ಳೂ ಒಟ್ಟಿಗೆ ನಡೆಯುತ್ತವೆ. ದೊಡ್ಡದು ಪೂರ್ತಿ ಒಂದು ಸುತ್ತು ಬಂದರೆ ಚಿಕ್ಕದು ಒಂದು ಅಂಕಿಯಿಂದ ಮುಂದಿನ ಅಂಕಿಗೆ ಹೋಗುತ್ತದೆ. ನಿಮ್ಮ ಮಗಳು ನೋಡಬೇಕಾದದ್ದು ಈ ನಂಟನ್ನು.

ತಿರುಪು ನೀವು ಹಿಡಿಯಿರಿ, ಗಡಿಯಾರದ ಮುಖ ಅವಳ ಕಡೆ ಇರಲಿ. ಸರಿಯಾಗಿ ಮೂರು ಗಂಟೆಯಿಂದ ಹೊರಡಿ. ದೊಡ್ಡ ಮುಳ್ಳು ಮೂರರ ಮೇಲೆ ಬಂದಾಗ ನಿಲ್ಲಿಸಿ. ‘ಇದು ಕಾಲು ಸುತ್ತು. ಚಿಕ್ಕದು ಎಲ್ಲಿದೆ?’ ಮೂರರಿಂದ ಒಂಚೂರು ಮುಂದೆ. ಈ ಹೊತ್ತಲ್ಲಿ ಎರಡು ಮುಳ್ಳೂ ಹೆಚ್ಚು ಕಡಿಮೆ ಒಂದರ ಮೇಲೊಂದು ಬಂದು ಗೊಂದಲ ಆಗುತ್ತದೆ, ಆಗ ಏಳು ಗಂಟೆಯಿಂದ ಶುರು ಮಾಡಿದರೆ ಸಲೀಸು. ಆರರ ಮೇಲೆ ನಿಲ್ಲಿಸಿ, ಅರ್ಧ ಸುತ್ತು, ಚಿಕ್ಕದು ನಡುವೆ. ಒಂಬತ್ತರ ಮೇಲೆ ನಿಲ್ಲಿಸಿ, ಮುಕ್ಕಾಲು ಸುತ್ತು, ಚಿಕ್ಕದೂ ತನ್ನ ದಾರಿಯಲ್ಲಿ ಮುಕ್ಕಾಲು ಮುಗಿಸಿದೆ. ಅಂದರೆ ದೊಡ್ಡದು ಹೇಳಿದ್ದನ್ನೇ ಚಿಕ್ಕದೂ ಹೇಳುತ್ತಿದೆ. ಒಂದು ನಿಂತ ಜಾಗ ನೋಡಿದರೆ ಇನ್ನೊಂದು ಎಲ್ಲಿರಬೇಕು ಅಂತ ಅವಳು ಊಹಿಸಿ ಹೇಳಬೇಕು. ಈ ಆಟ ಮಕ್ಕಳಿಗೆ ಇಷ್ಟ.

‘ಕಾಲು’ ಅಂದರೆ ಏನು ಅಂತ ಅವಳಿಗೆ ಗೊತ್ತಿದೆಯಾ ಅಂತಲೂ ನೋಡಿ. ಎಷ್ಟೋ ಮಕ್ಕಳಿಗೆ ಅದು ನಡೆಯುವ ಕಾಲು. ಬಿಡಬೇಡಿ, ಅದನ್ನೇ ಬಳಸಿ. ಗುಂಡಗೆ ಕತ್ತರಿಸಿದ ಕಾಗದವನ್ನು ಎರಡು ಸಲ ಮಡಚಿ ಬಿಚ್ಚಿದರೆ ನಾಲ್ಕು ತುಂಡು, ಹಸುವಿಗೆ ನಾಲ್ಕು ಕಾಲಿದ್ದ ಹಾಗೆ. ಒಂದು ತುಂಡು ಕಾಲು, ಎರಡು ಸೇರಿದರೆ ಅರ್ಧ, ಮೂರು ಕಾಲು ಸೇರಿದರೆ ಮುಕ್ಕಾಲು. ಮುಕ್ಕಾಲು ಅನ್ನುವ ಪದದಲ್ಲೇ ಮೂರು ಕಾಲು ಇದೆ ಅಂತ ತೋರಿಸಿದಾಗ ಮಕ್ಕಳ ಮುಖ ನೋಡಬೇಕು.

ಇನ್ನು ನಿಮ್ಮ ಅತ್ತೆಯೋ ಅಮ್ಮನೋ ಹೇಳುವ ‘ಮೂರೂಮುಕ್ಕಾಲು’ ಮತ್ತು ಸ್ಕೂಲಿನ ‘ಕ್ವಾರ್ಟರ್ ಟು ಫೋರ್’. ಮಗಳು ಒಪ್ಪದೇ ಇರುವುದರಲ್ಲಿ ತಪ್ಪೇನಿಲ್ಲ. ಒಬ್ಬರು ಮೂರು ಅಂತಾರೆ, ಇನ್ನೊಬ್ಬರು ನಾಲ್ಕು. ಒಬ್ಬರು ಮುಕ್ಕಾಲು ಅಂತಾರೆ, ಇನ್ನೊಬ್ಬರು ಕಾಲು. ಎರಡರಲ್ಲೂ ಒಂದೂ ಪದ ಹೊಂದುವುದಿಲ್ಲ! ‘ಕ್ವಾರ್ಟರ್ ಪಾಸ್ಟ್ ತ್ರೀ’ ನಮ್ಮ ಮೂರೂಕಾಲು, ‘ಹಾಫ್ ಪಾಸ್ಟ್ ತ್ರೀ’ ನಮ್ಮ ಮೂರೂವರೆ. ಎರಡಕ್ಕೂ ತೊಂದರೆ ಇಲ್ಲ. ಮೂರನೆಯದಕ್ಕೆ ಬಂದಾಗ ಕನ್ನಡ ದಾಟಿ ಬಂದದ್ದನ್ನು ಹೇಳುತ್ತದೆ, ಇಂಗ್ಲಿಷ್ ಬರಬೇಕಾದದ್ದನ್ನು ಹೇಳುತ್ತದೆ. ಮುಂದೆ ಹಿಂದಿ ಬಂದಾಗ ‘ಪೌನೇ ಚಾರ್’ ಕೂಡ ಇಂಗ್ಲಿಷಿನ ಕಡೆಗೇ ಸೇರುತ್ತದೆ.

ಆದರೆ ಬರಬೇಕಾದದ್ದನ್ನು ಹೇಳುವ ಮಾತು ನಮ್ಮಲ್ಲೂ ಇದೆ. ‘ನಾಲ್ಕಾಗೋಕೆ ಇನ್ನೂ ಕಾಲು ಗಂಟೆ ಇದೆ’ ಅನ್ನುತ್ತೇವಲ್ವಾ? ಕ್ವಾರ್ಟರ್ ಟು ಫೋರ್ ಅಂದರೆ ಅದೇ. ಮಡಚಿದ ಕಾಗದವನ್ನು ಗಡಿಯಾರದ ಮುಂದಿಡಿ. ಮೂರು ತುಂಡಿಗೆ ಬಣ್ಣ ಹಚ್ಚಲಿ, ಒಂದು ಖಾಲಿ ಇರಲಿ. ಬಣ್ಣದ ಕಡೆ ನೋಡಿದರೆ ಅಜ್ಜಿ ಹೇಳಿದ್ದು, ಖಾಲಿ ಕಡೆ ನೋಡಿದರೆ ಮಿಸ್ ಹೇಳಿದ್ದು. ನಾಲ್ಕು ಗಂಟೆಗೆ ಕಾರ್ಟೂನ್ ಬರುತ್ತದೆ ಅಂದುಕೊಳ್ಳಿ, ಮೂರೂಮುಕ್ಕಾಲಿಗೆ ಅವಳನ್ನೇ ಕೇಳಿ, ‘ಇನ್ನೆಷ್ಟು ಹೊತ್ತು ಕಾಯಬೇಕು?’

ಮೊದಲು ಕನ್ನಡದ್ದು ಗಟ್ಟಿಯಾಗಲಿ, ಎರಡನ್ನೂ ಒಂದೇ ದಿನ ಹೇಳಬೇಡಿ. ಸ್ಕೂಲಿನಲ್ಲಿ ಟೆಸ್ಟ್ ಹತ್ತಿರ ಇದ್ದರೂ ಇದೇ ಕ್ರಮ ಇರಲಿ. ಉತ್ತರ ಬರೆಯುವಾಗ ಅವಳು ಮೊದಲು ‘ಮೂರೂಮುಕ್ಕಾಲು, 3:45’ ಅಂತ ಮನಸ್ಸಿನಲ್ಲಿ ಹೇಳಿಕೊಂಡು, ಆಮೇಲೆ ‘ನಾಲ್ಕಾಗೋಕೆ ಕಾಲು’ ಅಂತ ತಿರುಗಿಸಿದರೆ 4:45 ಬರೆಯುವ ಸಂಭವ ಕಡಿಮೆ.

ಎಲ್ಲ ಸರಿಯಾಯಿತು ಅನ್ನಿಸಿದಾಗ ಗಡಿಯಾರವನ್ನು 12:45ಕ್ಕೆ ಇಟ್ಟು ಕೇಳಿ. ಚಿಕ್ಕ ಮುಳ್ಳು ಒಂದರ ಪಕ್ಕ ಇರುತ್ತದೆ, ದಾಟಿದ್ದು ಹನ್ನೆರಡು, ಬರಬೇಕಾದದ್ದು ಹದಿಮೂರಲ್ಲ, ಒಂದು. ನನ್ನ ಅನುಭವದಲ್ಲಿ ಉಳಿದೆಲ್ಲ ಸರಿ ಹೇಳುವ ಮಕ್ಕಳೂ ಎಡವುವುದು ಇಲ್ಲೇ. ಹನ್ನೆರಡೂಮುಕ್ಕಾಲು ಅಂತ ಹೇಳಿ, ‘ಒಂದಾಗೋಕೆ ಕಾಲು ಗಂಟೆ’ ಅಂತಲೂ ಸೇರಿಸಿದಳು ಅಂದರೆ ಸೆಲ್ ಹಾಕಿ ಗಡಿಯಾರವನ್ನು ಗೋಡೆಗೆ ತೂಗುಹಾಕಬಹುದು. ಸ್ವಲ್ಪ ಕೆಳಗೆ ತೂಗುಹಾಕಿ, ಅವಳ ಕಣ್ಣಿಗೆ ಕಾಣುವ ಎತ್ತರಕ್ಕೆ.