ಟ್ರೇಡಿಂಗ್ ಜರ್ನಲ್‌ಗೆ ಯಾವ ಕಾಲಂ ಬೇಕು, ತಿಂಗಳ ರಿವ್ಯೂ ಹೇಗೆ?

ಪ್ರಶ್ನೆ: ಜರ್ನಲ್‌ಗೆ ಅಂತ 25 ಕಾಲಂ ಇರೋ ಶೀಟ್ ಮಾಡಿದ್ದೆ, ಎರಡು ವಾರದಲ್ಲೇ ಬಿಟ್ಟುಬಿಟ್ಟೆ. ಬ್ರೋಕರ್ ಡೇಟಾನ ತಾನಾಗೇ ಎಳೆದುಕೊಳ್ಳೋ ಆಪ್ ಹಾಕಿಕೊಂಡ್ರೆ ಸಾಕಾ? ತಿಂಗಳಿಗೊಮ್ಮೆ ಕೂತು ಏನು ನೋಡಬೇಕು?

ಉತ್ತರ:

ಸಾಕಾಗಲ್ಲ. ನಾನು 14 ತಿಂಗಳು ಅದೇ ಥರ ಆಪ್ ಇಟ್ಟುಕೊಂಡಿದ್ದೆ. ಖರೀದಿ ಬೆಲೆ, ಮಾರಿದ ಬೆಲೆ, ಎಷ್ಟು ಷೇರು, ಲಾಭ ನಷ್ಟ, ಎಲ್ಲವೂ ತಪ್ಪಿಲ್ಲದೆ ಬಂದು ಕೂರುತ್ತಿತ್ತು. ತಿಂಗಳ ಕೊನೆಗೆ ನೋಡಿದರೆ ನೂರಕ್ಕೆ 60, 65 ಟ್ರೇಡ್ ಗೆದ್ದಿರುತ್ತಿದ್ದೆ. ಆದರೂ ಖಾತೆ ಕರಗುತ್ತಲೇ ಹೋಯಿತು. ನನ್ನ ಎಂಟ್ರಿ ಸರಿಯಿಲ್ಲ ಅಂದುಕೊಂಡು ಮೂರು ಸಲ ಇಂಡಿಕೇಟರ್ ಬದಲಿಸಿದೆ. ಕೊನೆಗೆ ಖಾತೆಯ ಕಾಲು ಭಾಗ ಹೋಗಿತ್ತು.

ತಪ್ಪು ಎಂಟ್ರಿಯಲ್ಲಿ ಇರಲೇ ಇಲ್ಲ. ಟ್ರೇಡ್ ತೆಗೆದುಕೊಳ್ಳುವ ಮೊದಲು ನಾನು ಅಂದುಕೊಂಡಿದ್ದ ಸ್ಟಾಪ್‌ಲಾಸ್ ಎಲ್ಲಿತ್ತು ಅನ್ನೋದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಅದೊಂದೇ ಕಾಲಂ ಇರಲಿಲ್ಲ.

ಅದು ಯಾಕೆ ಅಷ್ಟು ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. 200ಕ್ಕೆ ಒಂದು ಷೇರು ಕೊಂಡಿದ್ದೆ. 194ಕ್ಕೆ ಇಳಿದರೆ ಹೊರಗೆ ಬರಬೇಕು ಅಂತ ಲೆಕ್ಕ, ಅದೇ ನನ್ನ ಸ್ಟಾಪ್. ಅಂದರೆ ಒಂದು ಷೇರಿಗೆ 6ರ ರಿಸ್ಕ್. ಇದನ್ನೇ 1 ಆರ್ ಅನ್ನುತ್ತಾರೆ. ಬೆಲೆ 195ಕ್ಕೆ ಬಂದಾಗ "ಇಲ್ಲಿಂದ ಎದ್ದೇ ಏಳುತ್ತೆ" ಅನ್ನಿಸಿ ಸ್ಟಾಪ್ ಅನ್ನು 188ಕ್ಕೆ ಇಳಿಸಿದೆ. 189ಕ್ಕೆ ಬಂದಾಗ ಸ್ಟಾಪನ್ನೇ ತೆಗೆದುಬಿಟ್ಟೆ. ಕಡೆಗೆ 182ಕ್ಕೆ ಮಾರಿದೆ. ಸ್ಟೇಟ್‌ಮೆಂಟ್‌ನಲ್ಲಿ ಕಾಣೋದು ಇಷ್ಟೇ: 200ಕ್ಕೆ ಕೊಂಡ, 182ಕ್ಕೆ ಮಾರಿದ, 9 ಪರ್ಸೆಂಟ್ ನಷ್ಟ. ಒಂದು ಕೆಟ್ಟ ಟ್ರೇಡ್ ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ನಾನು ಒಪ್ಪಿಕೊಂಡಿದ್ದ ನಷ್ಟ 6, ಆಗಿದ್ದು 18. ಅಂದರೆ ಮೈನಸ್ 3 ಆರ್. ಮೂರು ಟ್ರೇಡ್‌ಗಳಲ್ಲಿ ಆಗಬೇಕಿದ್ದ ನಷ್ಟ ಒಂದರಲ್ಲೇ ಆಗಿದೆ. 194 ಅನ್ನೋ ಸಂಖ್ಯೆ ಬರೆದಿಟ್ಟಿಲ್ಲದಿದ್ದರೆ ಇದು ಕಾಣೋದೇ ಇಲ್ಲ.

ಆಪ್‌ಗೂ ಕಾಣಲ್ಲ. ಸ್ಟೇಟ್‌ಮೆಂಟ್‌ನಲ್ಲಿ ಬರೋದು ನಡೆದ ವ್ಯವಹಾರ ಮಾತ್ರ. ನೀವು ಸರಿಸಿದ ಆರ್ಡರ್, ತಲೆಯಲ್ಲೇ ಇಟ್ಟುಕೊಂಡ ಸ್ಟಾಪ್, ಇವು ಅದರಲ್ಲಿ ಇರಲ್ಲ. ಆಮೇಲೆ ನೆನಪು ಮಾಡಿಕೊಂಡು ತುಂಬಿಸೋಣ ಅಂತಲೂ ನೋಡಿದೆ. ಚಾರ್ಟ್ ಮುಂದಿಟ್ಟುಕೊಂಡು ಕೂತರೆ ಎಲ್ಲ ಕಡೆ ಸ್ಟಾಪ್ ಸರಿಯಾದ ಜಾಗದಲ್ಲೇ ಇತ್ತು ಅನ್ನಿಸುತ್ತದೆ. ಹಾಗಾಗಿ ಆ 14 ತಿಂಗಳ ದಾಖಲೆಯಿಂದ ನನಗೆ ಏನೂ ದಕ್ಕಲಿಲ್ಲ.

ಈಗ ನನ್ನ ಶೀಟ್‌ನಲ್ಲಿ ಕೈಯಾರೆ ತುಂಬೋದು ಎಂಟೇ ಕಾಲಂ. ಆರ್ಡರ್ ಒತ್ತುವ ಮೊದಲು ತಾರೀಕು, ಷೇರಿನ ಹೆಸರು, ಎಂಟ್ರಿ, ಸ್ಟಾಪ್, ಎಷ್ಟು ಷೇರು, ಮತ್ತು ಯಾಕೆ ತೆಗೆದುಕೊಳ್ಳುತ್ತಿದ್ದೇನೆ ಅಂತ ಒಂದು ಸಾಲು ಬರೆಯುತ್ತೇನೆ. ಆರ್ಡರ್ ಬೇರೆ ಬೆಲೆಗೆ ಆದರೆ ಎಂಟ್ರಿಯನ್ನು ತಿದ್ದುತ್ತೇನೆ, ಸ್ಟಾಪನ್ನು ಮಾತ್ರ ಮುಟ್ಟಲ್ಲ. ಮುಗಿದ ಮೇಲೆ ಎರಡು: ಮಾರಿದ ಬೆಲೆ, ಹೊರಗೆ ಬಂದದ್ದು ಹೇಗೆ. ಈ ಕೊನೆಯದಕ್ಕೆ ಐದೇ ಉತ್ತರ ಇಟ್ಟಿದ್ದೇನೆ. ಸ್ಟಾಪ್ ಹೊಡೆಯಿತು, ಟಾರ್ಗೆಟ್ ಬಂತು, ನಾನೇ ಮುಂಚೆ ಮಾರಿದೆ, ಸ್ಟಾಪ್ ಸರಿಸಿದೆ, ಗ್ಯಾಪ್ ಆಯಿತು. ಇಲ್ಲಿ "ಸರಿಸಿದೆ" ಅಂದರೆ ನಷ್ಟದ ಕಡೆಗೆ ಸರಿಸಿದ್ದು. ಗೆದ್ದರೂ ಸೋತರೂ ಅದನ್ನೇ ಬರೆಯಬೇಕು. ಗ್ಯಾಪ್ ಬೇರೆ ಇರಲೇಬೇಕು. ರಾತ್ರಿ ಕಳೆದು ಬೆಳಗ್ಗೆ ಬೆಲೆ ಸ್ಟಾಪ್‌ಗಿಂತ ಕೆಳಗೇ ತೆರೆದರೆ 1 ಆರ್‌ಗಿಂತ ಜಾಸ್ತಿ ನಷ್ಟ ಆಗುತ್ತದೆ, ಅದು ನೀವು ಶಿಸ್ತು ಬಿಟ್ಟಿದ್ದರಿಂದ ಆದದ್ದಲ್ಲ. ಎರಡನ್ನೂ ಬೆರೆಸಿದರೆ ಲೆಕ್ಕ ಕೆಡುತ್ತದೆ.

ಆರ್ ಅನ್ನು ಶೀಟೇ ಲೆಕ್ಕ ಹಾಕಲಿ. C ಎಂಟ್ರಿ, D ಸ್ಟಾಪ್, G ಮಾರಿದ ಬೆಲೆ ಆದರೆ:

```
=(G2-C2)/(C2-D2)
```

ಮೊದಲು ಮಾರಿ ಆಮೇಲೆ ಕೊಳ್ಳುವ ಶಾರ್ಟ್ ಟ್ರೇಡ್‌ನಲ್ಲಿ C ಮಾರಿದ ಬೆಲೆ, G ವಾಪಸ್ ಕೊಂಡ ಬೆಲೆ ಆದರೆ ಅದಕ್ಕೂ ಇದೇ ಸೂತ್ರ ಸರಿಯಾಗಿ ಬರುತ್ತದೆ. ಬ್ರೋಕರೇಜ್, ತೆರಿಗೆ ಇದರಲ್ಲಿ ಸೇರಿಲ್ಲ. ಸ್ಟಾಪ್ ತುಂಬಾ ಹತ್ತಿರ ಇಡುವವರು ಅದನ್ನೂ ಕಳೆಯಬೇಕು, ಇಲ್ಲದಿದ್ದರೆ ಗೆದ್ದಂತೆ ಕಂಡದ್ದು ಸೋತಿರುತ್ತದೆ.

ಮೂಡು, ನಿದ್ದೆ, ಐದರಲ್ಲಿ ಎಷ್ಟು ಆತ್ಮವಿಶ್ವಾಸ ಅಂತೆಲ್ಲ ಕಾಲಂ ಇಡಬೇಡಿ. ನೀವು ಬಿಟ್ಟಿದ್ದು ಸೋಮಾರಿತನದಿಂದ ಅಲ್ಲ, 25 ಕಾಲಂ ಯಾರೂ ತುಂಬಲ್ಲ.

ಈಗ ರಿವ್ಯೂ. ಸ್ಟಾಪ್ ಬರೆಯೋಕೆ ಶುರು ಮಾಡಿದ ಮೊದಲ ತಿಂಗಳದ್ದೇ ಹೇಳುತ್ತೇನೆ. 20 ಟ್ರೇಡ್, 13 ಗೆಲುವು, 7 ಸೋಲು. ಗೆದ್ದದ್ದೆಲ್ಲ ಸೇರಿ 10.4 ಆರ್ ಬಂದಿತ್ತು. ಸೋತ ಏಳರಲ್ಲಿ ನಾಲ್ಕು ಸ್ಟಾಪ್‌ನಲ್ಲೇ ಮುಗಿದಿದ್ದವು, ಅಲ್ಲಿಗೆ 4 ಆರ್ ನಷ್ಟ. ಉಳಿದ ಮೂರರಲ್ಲಿ ಸ್ಟಾಪ್ ಸರಿಸಿದ್ದೆ. ಅವು 2.5, 3 ಮತ್ತು 4, ಒಟ್ಟು 9.5 ಆರ್. ತಿಂಗಳಿಗೆ ಮೈನಸ್ 3.1. ನಾಲ್ಕು ಸಾಧಾರಣ ಸೋಲಿಗಿಂತ ಆ ಮೂರೇ ಎರಡು ಪಟ್ಟಿಗೂ ಹೆಚ್ಚು ತಿಂದಿದ್ದವು.

ಇಲ್ಲಿಗೇ ನಿಲ್ಲಿಸಿದರೆ ಒಂದು ಮೋಸ ಉಳಿಯುತ್ತದೆ. ಸ್ಟಾಪ್ ಸರಿಸಿ ಗೆದ್ದದ್ದೂ ಇರುತ್ತದಲ್ಲ? ನನ್ನ 13 ಗೆಲುವಿನಲ್ಲಿ ಅಂಥವು ಎರಡಿದ್ದವು, ತಲಾ 0.5 ಆರ್ ಬಂದಿತ್ತು. ಸ್ಟಾಪ್ ಸರಿಸುವ ಚಟ ಬೆಳೆಯೋದೇ ಈ ಎರಡರಿಂದ. "ಆವತ್ತು ತಡೆದುಕೊಂಡಿದ್ದಕ್ಕೆ ಬಂತಲ್ಲ" ಅನ್ನೋದು ನೆನಪಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಹಾಗಾಗಿ ಐದನ್ನೂ ಒಟ್ಟಿಗೆ ಇಟ್ಟು, ಬೆಲೆ ಮೂಲ ಸ್ಟಾಪ್ ಮುಟ್ಟಿತ್ತಾ ಅಂತ ಚಾರ್ಟ್‌ನಲ್ಲಿ ನೋಡಿದೆ. ಐದರಲ್ಲೂ ಮುಟ್ಟಿತ್ತು. ಸರಿಸದೆ ಇದ್ದಿದ್ದರೆ ಐದೂ ಸೋತು 5 ಆರ್ ಹೋಗುತ್ತಿತ್ತು. ಸರಿಸಿದ್ದಕ್ಕೆ 9.5 ಹೋಗಿ 1 ಬಂತು, ಅಂದರೆ 8.5 ನಷ್ಟ. ವ್ಯತ್ಯಾಸ 3.5 ಆರ್. ಮೈನಸ್ 3.1 ಇದ್ದ ತಿಂಗಳು ಪ್ಲಸ್ 0.4 ಆಗುತ್ತಿತ್ತು. ಗೆಲುವು 13ರಿಂದ 11ಕ್ಕೆ ಇಳಿಯುತ್ತಿತ್ತು, ಖಾತೆ ಮಾತ್ರ ಉಳಿಯುತ್ತಿತ್ತು. ಗೆಲುವಿನ ಪರ್ಸೆಂಟ್ ನೋಡಿಕೊಂಡು ಕೂತಿದ್ದಕ್ಕೆ ಇಷ್ಟು ಕಾಲ ನನಗೆ ಇದು ಕಂಡಿರಲಿಲ್ಲ.

ಈಗಲೂ ಪ್ರತಿ ತಿಂಗಳು ಇದನ್ನೇ ಮಾಡುತ್ತೇನೆ. ಆರ್ ಕಾಲಂ ಅನ್ನು ಕೆಳಗಿನಿಂದ ಮೇಲಕ್ಕೆ ಸಾರ್ಟ್ ಮಾಡಿ, ತೀರಾ ಕೆಟ್ಟ ಐದರ ಚಾರ್ಟ್ ತೆರೆಯುತ್ತೇನೆ. ಆಮೇಲೆ "ಸ್ಟಾಪ್ ಸರಿಸಿದೆ" ಮತ್ತು "ನಾನೇ ಮುಂಚೆ ಮಾರಿದೆ" ಇವೆರಡನ್ನೂ ಫಿಲ್ಟರ್ ಮಾಡಿ, ಪ್ಲಾನ್ ಪ್ರಕಾರ ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಮೇಲಿನ ಥರವೇ ಲೆಕ್ಕ ಹಾಕುತ್ತೇನೆ. ಒಂದು ಗಂಟೆಯೊಳಗೆ ಮುಗಿಯುತ್ತದೆ. ಯಾವ ಸೆಟಪ್ ಒಳ್ಳೆಯದು, ವಾರದ ಯಾವ ದಿನ ಒಳ್ಳೆಯದು ಅಂತ ಒಂದು ತಿಂಗಳಲ್ಲಿ ತೀರ್ಮಾನಿಸೋಕೆ ಹೋಗಬೇಡಿ. 20 ಟ್ರೇಡನ್ನು ನಾಲ್ಕು ಸೆಟಪ್‌ಗೆ ಹಂಚಿದರೆ ತಲಾ ಐದು ಬರುತ್ತದೆ, ಐದರಿಂದ ಏನೂ ಗೊತ್ತಾಗಲ್ಲ. ಅದಕ್ಕೆ ಆರೇಳು ತಿಂಗಳದ್ದು ಕೂಡಿಡಿ. ನಿಮ್ಮ ಕೈಯಿಂದಲೇ ಆಗುವ ತಪ್ಪು ಮಾತ್ರ ಒಂದೇ ತಿಂಗಳಲ್ಲಿ ಕಾಣುತ್ತದೆ.

ರಿವ್ಯೂ ಮುಗಿದ ಮೇಲೆ ಮುಂದಿನ ತಿಂಗಳ ಶೀಟ್‌ನ ಮೊದಲ ಸಾಲಲ್ಲಿ ಒಂದೇ ಒಂದು ನಿಯಮ ಬರೆಯುತ್ತೇನೆ. ಆ ತಿಂಗಳು ಬರೆದದ್ದು: "ಸ್ಟಾಪ್ ಮೇಲಕ್ಕೆ ಸರಿಸಬಹುದು, ಕೆಳಕ್ಕೆ ಸರಿಸೋ ಹಾಗಿಲ್ಲ." ಮುಂದಿನ ತಿಂಗಳು ಸರಿಸಿದ್ದು ಐದರಿಂದ ಎರಡಕ್ಕೆ ಇಳಿಯಿತು, ಅದರ ಮುಂದಿನ ತಿಂಗಳು ಒಂದು.