ಬರಹಗಾರರಿಗೆ ಸಲಹೆ: ಷರತ್ತು ಎಲ್ಲಿ ಹುಟ್ಟುತ್ತದೋ ಅಲ್ಲೇ ಬರೆಯಿರಿ

“ಸರ್, ನಾನು ಸಿಂಧನೂರಿನಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಭಿನ್ನರಾಶಿಯ ಅಂಶದಲ್ಲೂ ಛೇದದಲ್ಲೂ ಮತ್ತೆ ಭಿನ್ನರಾಶಿ ಬಂದರೆ ಮಕ್ಕಳು ಗಾಬರಿಯಾಗುತ್ತಾರೆ. ಅದಕ್ಕೇ ಈ ಲೇಖನ ಬರೆದೆ. ಎರಡು ವಿಧಾನ, ಆರು ಲೆಕ್ಕ ಇವೆ. ಬೆಲೆ ಹಾಕಿ ತಾಳೆ ನೋಡಿದ್ದೇನೆ, ಉತ್ತರ ಎಲ್ಲ ಸರಿ ಇವೆ. ನಿಮ್ಮ ಪತ್ರಿಕೆಗೆ ಆಗುತ್ತಾ? ಕೊರತೆ ಇದ್ದರೆ ನೇರವಾಗಿ ಹೇಳಿ.”

ನಮಸ್ಕಾರ ಸರ್,

ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ನಿಮ್ಮ ನಾಲ್ಕನೇ ಲೆಕ್ಕದೊಳಗೆ ಒಂದು ಒಳ್ಳೆಯ ಲೇಖನ ಇದೆ. ಮೊದಲ ಲೆಕ್ಕ ಮತ್ತು ಆ ನಾಲ್ಕನೆಯದು, ಇವೆರಡನ್ನೇ ಇಟ್ಟುಕೊಂಡು ಉಳಿದ ನಾಲ್ಕನ್ನು ಬಿಟ್ಟುಬಿಡಿ. ಬಿಟ್ಟ ಜಾಗದಲ್ಲಿ ಏನು ಬರಬೇಕು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಬಸ್ಸಿನ ಲೆಕ್ಕ. ಅದು ನನಗೆ ತುಂಬ ಹಿಡಿಸಿತು. ಗಂಗಾವತಿಯಿಂದ ಸಿಂಧನೂರು, ಮಾನ್ವಿ ದಾಟಿ ರಾಯಚೂರಿಗೆ ಹೋಗುವಾಗ ಬಸ್ಸಿನ ವೇಗ ಗಂಟೆಗೆ x ಕಿ.ಮೀ., ವಾಪಸ್ ಬರುವಾಗ x + 20. ಒಂದು ಕಡೆಯ ದೂರ d ಆದರೆ ಸರಾಸರಿ ವೇಗ ಹೀಗೆ ಬರುತ್ತದೆ:

```
2d / ( d/x + d/(x+20) )
```

ಮೇಲೆ ಕೆಳಗೆ ಎರಡನ್ನೂ x(x+20) ಇಂದ ಗುಣಿಸಿದರೆ d ಹೊಡೆದುಹೋಗಿ x(x+20)/(x+10) ಉಳಿಯುತ್ತದೆ. ಹೋಗುವಾಗ 40, ಬರುವಾಗ 60 ಅಂದರೆ ಸರಾಸರಿ 48. ಮಕ್ಕಳು ಥಟ್ಟನೆ 50 ಅನ್ನುತ್ತಾರೆ. ಯಾಕೆ 50 ಅಲ್ಲ ಅಂತ ನೀವು ಬರೆದೇ ಇಲ್ಲ. ಬಸ್ಸು 40ರ ವೇಗದಲ್ಲಿ ಜಾಸ್ತಿ ಹೊತ್ತು ಓಡುತ್ತದೆ, ಹಾಗಾಗಿ ಸರಾಸರಿ ಆ ಕಡೆಗೆ ವಾಲುತ್ತದೆ. ಈ ಒಂದು ಮಾತು ಸೇರಿಸಿ. ದೂರ ಎಷ್ಟೇ ಇದ್ದರೂ ಉತ್ತರ ಬದಲಾಗುವುದಿಲ್ಲ ಅನ್ನುವುದನ್ನೂ ಹೇಳಿ. ಭಿನ್ನರಾಶಿಯನ್ನು ಸುಲಭ ರೂಪಕ್ಕೆ ತಂದಮೇಲಷ್ಟೇ ಅದು ಕಣ್ಣಿಗೆ ಕಾಣುತ್ತದೆ.

ತೊಂದರೆ ಶುರುವಾಗುವುದೂ ಈ ಲೆಕ್ಕದಿಂದಲೇ. ಬಸ್ಸಿನ ವೇಗ ಯಾವಾಗಲೂ ಸೊನ್ನೆಗಿಂತ ಜಾಸ್ತಿ. x ಆಗಲಿ, x+20 ಆಗಲಿ, x+10 ಆಗಲಿ ಸೊನ್ನೆಯಾಗುವ ಪ್ರಶ್ನೆಯೇ ಬರುವುದಿಲ್ಲ. ಅದೇ ನೆಮ್ಮದಿಯಲ್ಲಿ ನಾಲ್ಕನೇ ಲೆಕ್ಕಕ್ಕೂ ಹೋಗಿದ್ದೀರಿ. ಅಲ್ಲಿ x ಯಾವ ಸಂಖ್ಯೆಯೂ ಆಗಬಹುದು.

```
( 1/(x-2) + 1/(x+2) ) / ( 1 + 4/(x^2-4) )
```

ನಿಮ್ಮ ಕೊನೆಯ ಸಾಲು ‘ಉತ್ತರ: 2/x’. ಅಲ್ಲಿಗೆ ಮುಗಿಸಿದ್ದೀರಿ. ಒಮ್ಮೆ x = 2 ಹಾಕಿ ನೋಡಿ. ನಿಮ್ಮ ಉತ್ತರ ಆರಾಮಾಗಿ 1 ಅನ್ನುತ್ತದೆ. ಪ್ರಶ್ನೆಯಲ್ಲಿ ಹಾಕಿದರೆ ಮೊದಲ ತುಂಡೇ 1/0 ಆಗಿ ನಿಂತುಹೋಗುತ್ತದೆ. ಬೆಲೆಯೇ ಇಲ್ಲದ ಕಡೆ ನಿಮ್ಮ ಉತ್ತರ ಬೆಲೆ ಕೊಡುತ್ತಿದೆ ಅಂದಮೇಲೆ ಅವೆರಡೂ ಒಂದೇ ಹೇಗಾಗುತ್ತವೆ? ನೀವು ತಾಳೆ ನೋಡಿದ್ದು x = 3 ಹಾಕಿ. ಅದು ಸರಿಯಾಗೇ ಕೂಡುತ್ತದೆ. ಆದರೆ 3 ಹಾಕಿ ನೋಡಿದರೆ 2ರಲ್ಲಿ ಏನಾಗುತ್ತದೆ ಅನ್ನುವುದು ಗೊತ್ತಾಗುವುದಿಲ್ಲ.

x ಇಂಥ ಬೆಲೆ ಆಗಬಾರದು ಅನ್ನುವ ಷರತ್ತನ್ನು ಉತ್ತರದ ಪಕ್ಕ ಬಾಲದ ಹಾಗೆ ಅಂಟಿಸಿದರೂ ನನಗೆ ಸಮಾಧಾನ ಇಲ್ಲ. ಅದು ಹುಟ್ಟುವ ಜಾಗವೇ ಬೇರೆ. ಲ.ಸಾ.ಅ. ಹಿಡಿದು ಮೇಲೆ ಕೆಳಗೆ ಗುಣಿಸುತ್ತೇವಲ್ಲ, ಆಗ ನಾವು ಮಾಡುತ್ತಿರುವುದೇನು? ಇಡೀ ಭಿನ್ನರಾಶಿಯನ್ನು (x²−4)/(x²−4) ಇಂದ ಗುಣಿಸುತ್ತಿದ್ದೇವೆ. ಅದರ ಬೆಲೆ 1, ಆದ್ದರಿಂದ ಏನೂ ಬದಲಾಗುವುದಿಲ್ಲ. ಆದರೆ ಅದು 1 ಆಗುವುದು x²−4 ಸೊನ್ನೆ ಅಲ್ಲದಿದ್ದಾಗ ಮಾತ್ರ. ಅಂದರೆ x ≠ 2, x ≠ −2. ಇದು ಆ ಹೆಜ್ಜೆ ಇಡಲು ಬೇಕಾದ ಅನುಮತಿ. ಗುಣಿಸುವ ಸಾಲಿನಲ್ಲೇ ಬರೆದರೆ ಮಗುವಿಗೆ ಕಾರಣವೂ ಜೊತೆಗೇ ಸಿಗುತ್ತದೆ. ಕೊನೆಯಲ್ಲಿ ಬರೆದರೆ ಅದು ಬರೀ ಬಾಯಿಪಾಠದ ನಿಯಮ ಆಗುತ್ತದೆ, ಪರೀಕ್ಷೆಯಲ್ಲಿ ಮೊದಲು ಮರೆತುಹೋಗುವುದೂ ಅದೇ.

ಈಗ ಮೇಲಿನ ಸಾಲು. (x²−4) ಅಂದರೆ (x−2)(x+2). ಮೊದಲ ತುಂಡಿನಲ್ಲಿ x−2 ಹೋಗಿ x+2 ಉಳಿಯುತ್ತದೆ, ಎರಡನೆಯದರಲ್ಲಿ x+2 ಹೋಗಿ x−2 ಉಳಿಯುತ್ತದೆ. ಕೂಡಿದರೆ 2x. ಕೆಳಗಿನ ಸಾಲಿನಲ್ಲಿ 1 ಇದೆಯಲ್ಲ, ಅದೂ (x²−4) ಇಂದ ಗುಣಿಸಲ್ಪಟ್ಟು x²−4 ಆಗುತ್ತದೆ. ಅದಕ್ಕೆ 4 ಕೂಡಿದರೆ x². ಒಟ್ಟು 2x/x².

ಇಲ್ಲಿ ಎರಡನೇ ಅನುಮತಿ ಬೇಕು. ಇಡೀ ಛೇದ ಈಗ x² ಆಗಿದೆ, ಅದು ಸೊನ್ನೆ ಆಗಬಾರದು. ಹಾಗಾಗಿ x ≠ 0. ಇದರ ಕಾರಣವೂ ಮೊದಲಿನದೂ ಬೇರೆ ಬೇರೆ, ಇದನ್ನು ದಯವಿಟ್ಟು ಒತ್ತಿ ಬರೆಯಿರಿ. 2 ಮತ್ತು −2ರಲ್ಲಿ ಒಳಗಿನ ಪುಟ್ಟ ಛೇದಗಳು ಸೊನ್ನೆಯಾಗುತ್ತವೆ. 0ಯಲ್ಲಿ ಒಳಗಿನ ಛೇದ ಯಾವುದಕ್ಕೂ ಏನೂ ಆಗುವುದಿಲ್ಲ. ಆದರೆ ಅವೆಲ್ಲ ಸೇರಿ ದೊಡ್ಡ ಗೆರೆಯ ಕೆಳಗೆ 1 + 4/(−4), ಅಂದರೆ 1 − 1, ಸೊನ್ನೆ ಬರುತ್ತದೆ. ಪ್ರಶ್ನೆಯನ್ನು ಸುಮ್ನೆ ನೋಡಿದರೆ 0 ಕಾಣುವುದೇ ಇಲ್ಲ. ಬಿಡಿಸಿದಮೇಲೆ 2 ಮತ್ತು −2 ಕಾಣುವುದಿಲ್ಲ. ಒಂದು ಷರತ್ತು ಮೊದಲ ಸಾಲಿನಲ್ಲಿ ಅಡಗಿದೆ, ಇನ್ನೆರಡು ಕೊನೆಯ ಸಾಲಿನಲ್ಲಿ ಮಾಯವಾಗಿವೆ. ಈ ಲೆಕ್ಕವನ್ನೇ ಉಳಿಸಿ ಅಂತ ನಾನು ಹಟ ಹಿಡಿದಿರುವುದು ಇದಕ್ಕಾಗಿ. ನೀವು ಬಿಡಬೇಕಾದ ನಾಲ್ಕರಲ್ಲಿ ಯಾವುದೂ ಎರಡೂ ಕಡೆ ಹೀಗೆ ಕೈಕೊಡುವುದಿಲ್ಲ.

ಪಿಯುಸಿ ಮಕ್ಕಳಿಗಾಗಿ ಇನ್ನೊಂದು ಪ್ಯಾರಾ ಸೇರಿಸಬಹುದು. 2/x ರ ನಕ್ಷೆ ಬರೆದು, x = 2ರಲ್ಲಿ ಎತ್ತರ 1 ಇರುವ ಜಾಗಕ್ಕೆ ಒಂದು ಖಾಲಿ ಸುತ್ತು ಹಾಕಿ, x = −2ರಲ್ಲಿ −1ಕ್ಕೆ ಇನ್ನೊಂದು. ಆ ಎರಡು ಬಿಂದು ಬಿಟ್ಟರೆ ಗೆರೆ ಅಲ್ಲಿ ಸರಾಗವಾಗಿ ಸಾಗುತ್ತದೆ. 0ಯ ಹತ್ತಿರ ಮಾತ್ರ ಅದು ಬಲಗಡೆ ಮೇಲಕ್ಕೆ, ಎಡಗಡೆ ಕೆಳಕ್ಕೆ ಓಡಿಹೋಗುತ್ತದೆ. ಪ್ರಶ್ನೆಯಲ್ಲಿ x = 0 ಹಾಕಿದರೆ 0/0 ಬರುತ್ತದೆ. 0/0 ಬಂದ ಕಡೆಯೆಲ್ಲ ಬರೀ ಒಂದು ಬಿಂದು ಬಿಟ್ಟುಹೋಗಿರುತ್ತದೆ ಅಂತ ಎಷ್ಟೋ ಮಕ್ಕಳು ಅಂದುಕೊಂಡಿರುತ್ತಾರೆ. ಇಲ್ಲಿ ಹಾಗಿಲ್ಲ. ಲಿಮಿಟ್ ಪಾಠಕ್ಕೆ ಹೋಗುವ ಮೊದಲೇ ಇದನ್ನು ನೋಡಿದ್ದರೆ ಅವರಿಗೆ ಬಹಳ ಉಪಯೋಗ.

ಇನ್ನು ಮಕ್ಕಳು ನಿಜವಾಗಿ ಎಡವುವ ಜಾಗ. ನಿಮ್ಮ ಲೇಖನದಲ್ಲಿ ತಪ್ಪು ಲೆಕ್ಕ ಒಂದೂ ಇಲ್ಲ. ಇರಬೇಕಿತ್ತು. ಕೆಳಗಿನ ಆ 1ಕ್ಕೆ ಛೇದ ಇಲ್ಲ, ಹಾಗಾಗಿ ಅದನ್ನು ಗುಣಿಸದೆ ಬಿಟ್ಟುಬಿಡುತ್ತಾರೆ. ಆಗ ಕೆಳಗೆ 1 + 4 = 5, ಉತ್ತರ 2x/5. ನೋಡಲು ಎಷ್ಟು ಚೆನ್ನಾಗಿದೆ ಅಂದರೆ ಅನುಮಾನವೇ ಬರುವುದಿಲ್ಲ. ಆ ತಪ್ಪು ಸಾಲನ್ನು ಹಾಗೇ ಅಚ್ಚು ಹಾಕಿಸಿ, ಪಕ್ಕದಲ್ಲಿ x = 3 ಇಟ್ಟು ತಾಳೆ ನೋಡಿಸಿ. ಪ್ರಶ್ನೆಯಲ್ಲಿ ಮೇಲೆ 1 + 1/5 = 6/5, ಕೆಳಗೆ 1 + 4/5 = 9/5, ಭಾಗಿಸಿದರೆ 2/3. 2/x ಕೂಡ 2/3 ಕೊಡುತ್ತದೆ. 2x/5 ಕೊಡುವುದು 6/5. ಸಿಕ್ಕಿಬಿತ್ತು.

ತಾಳೆ ನೋಡಲು x = 1 ಇಡಬೇಡಿ ಅಂತಲೂ ಬರೆಯಿರಿ. 1 ಇಟ್ಟರೆ ಪ್ರಶ್ನೆಯ ಬೆಲೆ 2. ಸರಿಯಾದ 2/x ಕೂಡ 2. ಆದರೆ 2x/x² ಅನ್ನು ತಲೆಕೆಳಗು ಹೊಡೆದುಹಾಕಿ 2x ಅಂತ ಬರೆದವನಿಗೂ 2 ಬರುತ್ತದೆ. x, x², 1/x ಎಲ್ಲ 1ರಲ್ಲಿ ಒಂದೇ ಆಗಿಬಿಡುವುದರಿಂದ ತಪ್ಪು ಅಲ್ಲಿ ಬಚಾವಾಗುತ್ತದೆ. 3 ಅಥವಾ 5 ಒಳ್ಳೆಯದು.

ಎರಡನೇ ವಿಧಾನಕ್ಕೆ ನೀವು ಎರಡು ಪುಟ ಕೊಟ್ಟಿದ್ದೀರಿ, ಅರ್ಧ ಪುಟ ಸಾಕು. ಮೇಲಿನದನ್ನು ಒಂದೇ ಭಿನ್ನರಾಶಿ ಮಾಡಿದರೆ 2x/(x²−4), ಕೆಳಗಿನದನ್ನು ಮಾಡಿದರೆ x²/(x²−4). ಆಮೇಲೆ ಕೆಳಗಿನದನ್ನು ತಿರುಗಿಸಿ ಗುಣಿಸುವುದು. ಮೇಲೂ ಕೆಳಗೂ ಮೊದಲೇ ಒಂದೊಂದೇ ತುಂಡು ಇದ್ದಾಗ ಈ ದಾರಿ ಚೆಂದ. ಕೂಡಿಸುವುದು ಕಳೆಯುವುದು ಇದ್ದಾಗ ಲ.ಸಾ.ಅ. ದಾರಿಯೇ ಹತ್ತಿರ, ಇದು ನನ್ನ ಅಭಿಪ್ರಾಯ. ಆದರೂ ಇದನ್ನು ಪೂರ್ತಿ ಬಿಡಬೇಡಿ. x ≠ 0 ಯಾಕೆ ಅನ್ನುವುದು ಇಲ್ಲಿ ಇನ್ನೂ ನಿಚ್ಚಳ. x² ಸೊನ್ನೆಯಾದರೆ ಕೆಳಗಿನ ಭಿನ್ನರಾಶಿಯ ಬೆಲೆ ಸೊನ್ನೆ, ಅದನ್ನು ತಿರುಗಿಸಲು ಬರುವುದೇ ಇಲ್ಲ.

ಈ ದಾರಿಯಲ್ಲಿ ಒಂದು ದೊಡ್ಡ ಗುಂಡಿ ಇದೆ. ಕೆಳಗಿನದನ್ನು ಒಂದು ಮಾಡುವ ಮೊದಲೇ ಆತುರಕ್ಕೆ ಒಂದೊಂದು ತುಂಡನ್ನೂ ಬೇರೆ ಬೇರೆ ತಿರುಗಿಸುತ್ತಾರೆ. 1 + 4/(x²−4) ಹೋಗಿ 1 + (x²−4)/4 ಆಗುತ್ತದೆ. ಅದು ಯಾಕೆ ಆಗದು ಅಂತ ತೋರಿಸಲು x ಬೇಡ, 1/2 + 1/2 ಸಾಕು. ಕೂಡಿಸಿ ತಿರುಗಿಸಿದರೆ 1, ಬೇರೆ ಬೇರೆ ತಿರುಗಿಸಿ ಕೂಡಿಸಿದರೆ 4.

ಕೊನೆಗೆ ಅಚ್ಚಿನ ವಿಷಯ. ನೀವು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದ್ದರಲ್ಲಿ 1/x-2 + 1/x+2 ಅಂತ ಇದೆ. ಅದರ ಅರ್ಥ 1/x ಇಂದ 2 ಕಳೆ ಅಂತ. ಆವರಣ ಹಾಕಲೇಬೇಕು. ಕೈಬರಹದಲ್ಲಾದರೆ ದೊಡ್ಡ ಗೆರೆಯನ್ನು ಒಳಗಿನ ಗೆರೆಗಳಿಗಿಂತ ಸ್ಪಷ್ಟವಾಗಿ ಉದ್ದ ಎಳೆಯಿರಿ. 12, 6, 2 ಒಂದರ ಕೆಳಗೊಂದು ಇದ್ದು ಎರಡೂ ಗೆರೆ ಒಂದೇ ಉದ್ದ ಇದ್ದರೆ ಉತ್ತರ 1 ಅನ್ನಬೇಕಾ, 4 ಅನ್ನಬೇಕಾ ಗೊತ್ತಾಗುವುದಿಲ್ಲ. ಉದ್ದ ಗೆರೆ 6ರ ಕೆಳಗಿದ್ದರೆ 2 ÷ 2, 12ರ ಕೆಳಗಿದ್ದರೆ 12 ÷ 3. ಬಳ್ಳಾರಿಯಲ್ಲಿ ನಮ್ಮ ಪುಟ ಕಟ್ಟುವವರು ನೀವು ಎಳೆದದ್ದನ್ನು ನೋಡಿಯೇ ಗೆರೆ ಹಾಕುತ್ತಾರೆ, ಗಣಿತ ನೋಡಿ ಅಲ್ಲ. ಆದ್ದರಿಂದ ಈ ಎರಡೂ ಲೆಕ್ಕವನ್ನು ಗೆರೆ ಇಲ್ಲದ ಹಾಳೆಯಲ್ಲಿ ಕೈಯಿಂದ ದೊಡ್ಡದಾಗಿ ಬರೆದು ಅದರ ಫೋಟೊ ಜೊತೆಗೆ ಕಳಿಸಿ. ಗುಣಿಸುವ ಸಾಲಿನ ಬಲಗಡೆ x ≠ 2, −2 ಮತ್ತು 2x/x² ಸಾಲಿನ ಬಲಗಡೆ x ≠ 0 ಬರೆಯಲು ಅಂಚಿನಲ್ಲಿ ಜಾಗ ಬಿಟ್ಟುಕೊಳ್ಳಿ.